ಪಾಯಾ ಸಾರಿನ ಜೆಲ್ಲಿಯೂ ಜೆಲಾಟಿನ್ ಕುರಿತ ಸಂದೇಹವೂ

ಹಂದಿಮಾಂಸ ಏಕೆ ಹರಾಮ್ ಎಂದು ಮದರಸಾದ ಮಕ್ಕಳನ್ನು ಕೇಳಿದರೆ, "ಅದರಲ್ಲಿ ಹುಳಗಳಿವೆ ಉಸ್ತಾದ್" ಎಂಬ ಉತ್ತರವೇ ಮೊದಲು ಬರುತ್ತದೆ. ಮನೆಯಲ್ಲಿ ಹಿರಿಯರು ಹೇಳಿಕೊಟ್ಟದ್ದೂ ಅದನ್ನೇ. ಮಾತು ಸುಳ್ಳಲ್ಲ. ಆದರೆ ಅದನ್ನೇ ಆಧಾರವಾಗಿಸಿಕೊಂಡರೆ ನಾವು ಇಕ್ಕಟ್ಟಿಗೆ ಸಿಲುಕುತ್ತೇವೆ. ಚೆನ್ನಾಗಿ ಬೇಯಿಸಿದರೆ ಹುಳ ಸಾಯುತ್ತದೆ. ಲಾಡಿಹುಳ ದನದ ಮಾಂಸದಲ್ಲಿಯೂ ಇರಬಹುದು, ಅದು ನಮಗೆ ಹಲಾಲ್. ಹಂದಿಯ ಲಾಡಿಹುಳದಿಂದ ಮೆದುಳಿನಲ್ಲಿ ಗಂಟಾಗುವ ರೋಗವಂತೂ ಹಂದಿಮಾಂಸವನ್ನು ಮುಟ್ಟದವರಿಗೂ ಬರುತ್ತದೆ. ಏಕೆಂದರೆ ಆ ಗಂಟಿಗೆ ಕಾರಣ ಮಾಂಸವಲ್ಲ. ರೋಗಿಯ ಮಲದ ಮೂಲಕ ನೀರು, ತರಕಾರಿಗಳನ್ನು ಸೇರುವ ಹುಳದ ಮೊಟ್ಟೆಗಳು.

ಪವಿತ್ರ ಕುರ್‌ಆನ್ ನಾಲ್ಕು ಕಡೆ ಹಂದಿಮಾಂಸವನ್ನು ನಿಷೇಧಿಸಿದೆ. ಅವುಗಳಲ್ಲಿ ಅಲ್ ಅನ್‌ಆಮ್ ಅಧ್ಯಾಯದ 145ನೇ ಸೂಕ್ತದಲ್ಲಿ ಮಾತ್ರ ಅದನ್ನು 'ರಿಜ್ಸ್', ಅಂದರೆ ಮಲಿನವೆಂದು ಕರೆಯಲಾಗಿದೆ. ಅಲ್ಲಿಯೂ ರೋಗದ ಪ್ರಸ್ತಾಪವಿಲ್ಲ. ವಿಶ್ವಾಸಿಗೆ ಅಲ್ಲಾಹನ ಆಜ್ಞೆಯೇ ಕಾರಣ. ಆರೋಗ್ಯದ ಲಾಭ ಅದರ ಜೊತೆಗೆ ದೊರೆತರೆ ದೊರೆಯಲಿ. ಈ ಭೇದವನ್ನು ಅರಿಯದಿದ್ದರೆ ಜೆಲಾಟಿನ್ ಪ್ರಶ್ನೆಯಲ್ಲಿ ದಾರಿ ತಪ್ಪುತ್ತದೆ. ಜೆಲಾಟಿನ್‌ನಲ್ಲಿ ಹುಳವೂ ಇಲ್ಲ, ಮೊಟ್ಟೆಯೂ ಇಲ್ಲ. ಆದರೂ ಸಂದೇಹ ಉಳಿದಿದೆ.

ಜೆಲಾಟಿನ್ ಎಂಬುದು ಹೊಸ ವಸ್ತುವೇನಲ್ಲ. ಪಾಯಾ ಸಾರನ್ನು ರಾತ್ರಿಯಿಡೀ ಹಾಗೆಯೇ ಇಟ್ಟರೆ ಬೆಳಿಗ್ಗೆ ಅದು ಗಟ್ಟಿಯಾಗಿ ಅಲುಗಾಡುವುದನ್ನು ನಮ್ಮ ತಾಯಂದಿರೆಲ್ಲ ಕಂಡಿದ್ದಾರೆ. ಆ ಅಲುಗಾಟವೇ ಜೆಲಾಟಿನ್. ಚರ್ಮ, ಮೂಳೆ, ಸ್ನಾಯುರಜ್ಜುಗಳಲ್ಲಿ ಕೊಲಾಜನ್ ಎಂಬ ಪ್ರೋಟೀನ್ ಮೂರೆಳೆಯ ಹಗ್ಗದಂತೆ ಹೆಣೆದುಕೊಂಡಿರುತ್ತದೆ. ಬಿಸಿನೀರಿನಲ್ಲಿ ಆ ಹೆಣಿಗೆ ಬಿಚ್ಚಿಕೊಂಡು ಎಳೆಗಳು ಸಾರಿಗೆ ಇಳಿಯುತ್ತವೆ. ಕಾರ್ಖಾನೆಯಲ್ಲಿ ಹಂದಿಯ ಚರ್ಮವನ್ನು ಮೊದಲು ಆಮ್ಲದಲ್ಲಿ ನೆನೆಸುತ್ತಾರೆ. ದನದ ಮೂಳೆಯಾದರೆ ಆಮ್ಲದಿಂದ ಖನಿಜವನ್ನು ತೆಗೆದು ವಾರಗಟ್ಟಲೆ ಸುಣ್ಣದ ನೀರಿನಲ್ಲಿಡುತ್ತಾರೆ. ಬಳಿಕ ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ಒಣಗಿಸುತ್ತಾರೆ.

ಚರ್ಚೆ ಇರುವುದು ಇಲ್ಲಿಯೇ. ಮದ್ಯವು ತಾನಾಗಿ ವಿನೆಗರ್ ಆದರೆ ಅದು ಶುದ್ಧ ಎಂಬುದನ್ನು ವಿದ್ವಾಂಸರು ಒಪ್ಪಿದ್ದಾರೆ. ಉಪ್ಪಿನ ಗಣಿಯಲ್ಲಿ ಬಿದ್ದು ಸತ್ತ ಕತ್ತೆ ಪೂರ್ತಿ ಉಪ್ಪಾಗಿಬಿಟ್ಟರೆ ಆ ಉಪ್ಪು ಶುದ್ಧವೆಂಬುದು ಹನಫಿ ಕರ್ಮಶಾಸ್ತ್ರದ ಪ್ರಸಿದ್ಧ ಉದಾಹರಣೆ. ಹೀಗೆ ವಸ್ತುವಿನ ಸ್ವರೂಪವೇ ಬದಲಾಗುವುದನ್ನು 'ಇಸ್ತಿಹಾಲಾ' ಎನ್ನುತ್ತಾರೆ. ನಮ್ಮ ಕರಾವಳಿಯ ಬ್ಯಾರಿ ಕುಟುಂಬಗಳು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಇದರ ವ್ಯಾಪ್ತಿ ಬಹಳ ಕಿರಿದು. ಚರ್ಮ ಹದ ಮಾಡಿದರೆ ಶುದ್ಧವಾಗುತ್ತದೆ, ಆದರೆ ಹಂದಿ ಮತ್ತು ನಾಯಿಯದ್ದು ಆಗದು ಎಂಬುದು ಅಲ್ಲಿನ ನಿಲುವು.

1995ರಲ್ಲಿ ಕುವೈತ್‌ನ ಇಸ್ಲಾಮಿಕ್ ವೈದ್ಯವಿಜ್ಞಾನ ಸಂಘಟನೆಯ ಗೋಷ್ಠಿಯು, ಅಶುದ್ಧ ಪ್ರಾಣಿಯಿಂದ ಬಂದ ಜೆಲಾಟಿನ್ ಕೂಡ ಪರಿವರ್ತನೆಯಿಂದ ಶುದ್ಧವಾಗುತ್ತದೆ ಎಂದಿತು. ಅದಕ್ಕೂ ಮೊದಲೇ, 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯು ಹಂದಿಯ ಜೆಲಾಟಿನ್‌ನ್ನು ಆಹಾರದಲ್ಲಿ ಬಳಸುವಂತಿಲ್ಲ, ಸಸ್ಯಗಳಿಂದಲೂ ಧರ್ಮಸಮ್ಮತವಾಗಿ ದಿಬಹ್ ಮಾಡಿದ ಪ್ರಾಣಿಗಳಿಂದಲೂ ಪಡೆದದ್ದೇ ಸಾಕು ಎಂದು ನಿರ್ಣಯಿಸಿತ್ತು. ನಮಗೆ ಹಿಡಿಸುವುದು ಎರಡನೆಯ ಮಾತು. ಮದ್ಯ ವಿನೆಗರ್ ಆಗುವಾಗ ಆಲ್ಕೋಹಾಲ್ ಆಲ್ಕೋಹಾಲಾಗಿ ಉಳಿಯದೆ ಆಮ್ಲವಾಗುತ್ತದೆ. ಜೆಲಾಟಿನ್‌ನಲ್ಲಿ ಅದೇ ಪ್ರೋಟೀನಿನ ಎಳೆಗಳು ಬಿಚ್ಚಿಕೊಂಡು ತುಂಡಾಗುತ್ತವೆ, ಅಷ್ಟೇ. ಪಾಯಾ ಜೆಲ್ಲಿಯಾದ ಮಾತ್ರಕ್ಕೆ ಅದು ಕುರಿಯ ಕಾಲಿನದಲ್ಲ ಎಂದು ಯಾರೂ ಹೇಳುವುದಿಲ್ಲ. ಹಂದಿಯ ಕಾಲಿಗೆ ಬೇರೆ ನ್ಯಾಯ ಎಲ್ಲಿಂದ ಬಂದೀತು?

ಅಂಗಡಿಯಲ್ಲಿ ಮಗು ಮಾರ್ಷ್‌ಮೆಲೋ ಪೊಟ್ಟಣವನ್ನು ಕೈಗೆತ್ತಿಕೊಂಡಿದೆ ಎನ್ನೋಣ. ಮೊದಲು ಗುರುತು ನೋಡಬೇಕು. ಭಾರತದಲ್ಲಿ ಹಸಿರು ಗುರುತಿದ್ದರೆ ಅದರಲ್ಲಿ ಪ್ರಾಣಿಯ ಜೆಲಾಟಿನ್ ಇರುವಂತಿಲ್ಲ. ಪೆಕ್ಟಿನ್, ಅಗರ್‌ನಂತಹ ಸಸ್ಯಮೂಲದ ವಸ್ತುವಿನಿಂದ ಗಟ್ಟಿ ಮಾಡಿರುತ್ತಾರೆ. ಕಂದು ಗುರುತಿದ್ದು ಪದಾರ್ಥಗಳ ಪಟ್ಟಿಯಲ್ಲಿ ಜೆಲಾಟಿನ್ ಎಂದಷ್ಟೇ ಬರೆದಿದ್ದರೆ, ಅದು ಯಾವ ಪ್ರಾಣಿಯದೆಂದು ಆ ಗುರುತು ತಿಳಿಸುವುದಿಲ್ಲ. ದನದ್ದೆಂದು ಬರೆದಿದ್ದರೂ ವಿಷಯ ಮುಗಿಯದು, ಆ ದನವನ್ನು ದಿಬಹ್ ಮಾಡಲಾಗಿತ್ತೇ ಎಂಬುದು ಉಳಿದೇ ಇರುತ್ತದೆ. ಹನಫಿಗಳು ಸತ್ತ ಪ್ರಾಣಿಯ ಒಣಮೂಳೆಯನ್ನು ಶುದ್ಧವೆಂದು ಎಣಿಸುತ್ತಾರೆ, ಶಾಫಿಈಗಳು ಎಣಿಸುವುದಿಲ್ಲ. ಮೀನಿನ ಜೆಲಾಟಿನ್ ಎಂದಿದ್ದರೆ ಈ ತೊಡಕಿಲ್ಲ. ನಂಬಲರ್ಹ ಹಲಾಲ್ ಪ್ರಮಾಣಪತ್ರವಿಲ್ಲದ ಕಂದು ಗುರುತಿನ ಪೊಟ್ಟಣವನ್ನು ಕೆಳಗಿಡುವುದೇ ಲೇಸು. ಹಲಾಲ್ ಸ್ಪಷ್ಟ, ಹರಾಮ್ ಸ್ಪಷ್ಟ, ನಡುವೆ ಸಂದೇಹಾಸ್ಪದ ಸಂಗತಿಗಳಿವೆ ಎಂದು ಪ್ರವಾದಿ(ಸ) ಎಚ್ಚರಿಸಿದ್ದು ಇಂತಹ ಸಂದರ್ಭಕ್ಕೇ. ಮಿಠಾಯಿ ತಿನ್ನದೆ ಯಾರಿಗೂ ತೊಂದರೆಯಾಗುವುದಿಲ್ಲ.

ಔಷಧಿಯ ಕ್ಯಾಪ್ಸೂಲ್ ಹಾಗಲ್ಲ. ಸಸ್ಯದ ಸೆಲ್ಯುಲೋಸ್‌ನಿಂದ ತಯಾರಾದ ಕ್ಯಾಪ್ಸೂಲ್‌ಗಳಿವೆ. ಕೆಲವು ಔಷಧಗಳು ಮಾತ್ರೆ ಅಥವಾ ಸಿರಪ್ ರೂಪದಲ್ಲಿಯೂ ಸಿಗುತ್ತವೆ. ವೈದ್ಯರು ಚೀಟಿ ಬರೆಯುವಾಗಲೇ ಅದನ್ನು ಕೇಳಬೇಕು. ಬದಲಿ ಇಲ್ಲದಿದ್ದರೆ ನಿರ್ಬಂಧಿತನಾದವನಿಗೆ ಅಲ್ ಬಕರದ 173ನೇ ಸೂಕ್ತವೇ ವಿನಾಯಿತಿ ಕೊಟ್ಟಿದೆ. ಸಂದೇಹದಿಂದ ಔಷಧವನ್ನೇ ನಿಲ್ಲಿಸುವುದು, ಇಲ್ಲವೇ ಕ್ಯಾಪ್ಸೂಲನ್ನು ಬಿಡಿಸಿ ಪುಡಿಯನ್ನಷ್ಟೇ ನುಂಗುವುದು ಸರಿಯಲ್ಲ. ಕೆಲವು ಕ್ಯಾಪ್ಸೂಲ್‌ಗಳೊಳಗಿನ ಔಷಧ ನಿಧಾನವಾಗಿ ಕರಗಲೆಂದೇ ಹಾಗೆ ತಯಾರಾಗಿರುತ್ತದೆ.