ಹೇಳಲಾರದ ಬಾವು

ತಲೆ ನೊಂದರೆ ಹೆಂಗಸರು ಹೇಳುವರು. ಹಲ್ಲು ನೊಂದರೆ ಕೆನ್ನೆ ಹಿಡಿದುಕೊಂಡಾದರೂ ತೋರಿಸುವರು. ಆದರೆ ಯೋನಿದ್ವಾರದ ಬಳಿ ಏಳುವ ಒಂದು ಬಾವಿಗೆ ಈ ಭಾಗ್ಯವಿಲ್ಲ. ಅದನ್ನು ಹೊತ್ತ ಹೆಣ್ಣು ಮಣೆಯ ಮೇಲೆ ಒಂದು ಮಗ್ಗುಲಿಗೆ ಓರೆಯಾಗಿ ಕುಳಿತುಕೊಳ್ಳುವಳು. ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತುವಳು. ಕೇಳಿದವರಿಗೆ ಕಾಲು ಉಳುಕಿತೆಂದು ಹೇಳುವಳು. ಬಾವಾದರೋ ಈ ನಾಚಿಕೆಯನ್ನು ಲೆಕ್ಕಿಸದೆ ತನ್ನ ಪಾಡಿಗೆ ತಾನು ಬೆಳೆಯುತ್ತಿರುವುದು. ಅದು ಏನೆಂಬುದನ್ನು ತಿಳಿದಿದ್ದರೆ ಎಷ್ಟೋ ಭಯವೂ ಕೆಲವು ದಿನಗಳ ಯಾತನೆಯೂ ತಪ್ಪುವುವು.

ಯೋನಿದ್ವಾರದ ಎರಡು ಪಕ್ಕಗಳಲ್ಲಿ, ಸ್ವಲ್ಪ ಹಿಂಭಾಗಕ್ಕೆ, ಬಟಾಣಿ ಕಾಳಿನಷ್ಟು ಗಾತ್ರದ ಒಂದೊಂದು ಗ್ರಂಥಿ ಹುದುಗಿರುವುದು. ದ್ವಾರವನ್ನು ಗಡಿಯಾರದ ಮುಖವೆಂದು ಭಾವಿಸಿದರೆ, ಸಣ್ಣ ಮುಳ್ಳು 4ನ್ನೂ 8ನ್ನೂ ತೋರಿಸುವ ಎಡೆಗಳೇ ಇವುಗಳ ನೆಲೆ. ಡೆನ್ಮಾರ್ಕ್ ದೇಶದ ಅಂಗರಚನಾ ಪಂಡಿತನಾದ ಕಾಸ್ಪರ್ ಬಾರ್ಥೊಲಿನ್ ಎಂಬಾತನು 1677ರಲ್ಲಿ ಇವನ್ನು ವರ್ಣಿಸಿದುದರಿಂದ ಇವಕ್ಕೆ ಬಾರ್ಥೊಲಿನ್ ಗ್ರಂಥಿಗಳೆಂಬ ಹೆಸರು ಬಂದಿತು. ಪ್ರತಿಯೊಂದು ಗ್ರಂಥಿಯಿಂದಲೂ ಸುಮಾರು ಎರಡು ಸೆಂಟಿಮೀಟರ್ ಉದ್ದದ ಒಂದು ಸಣ್ಣ ನಾಳ ಹೊರಟು ದ್ವಾರದ ಅಂಚಿನಲ್ಲಿ ತೆರೆಯುವುದು. ಗ್ರಂಥಿಯು ಲೋಳೆಯಂತಹ ಅಲ್ಪ ರಸವನ್ನು ಸ್ರವಿಸಿ ಆ ಭಾಗವನ್ನು ತೇವವಾಗಿಡುವುದು. ಆರೋಗ್ಯವಾಗಿರುವಾಗ ಇವು ಕೈಗೆ ಸಿಕ್ಕುವುದೂ ಇಲ್ಲ, ಇವೆಯೆಂಬ ಅರಿವೂ ಇರುವುದಿಲ್ಲ.

ತೊಂದರೆಯೆಲ್ಲ ಆ ನಾಳದ ಬಾಯಲ್ಲಿ. ಯಾವುದೋ ಕಾರಣದಿಂದ ಆ ಬಾಯಿ ಮುಚ್ಚಿಹೋದರೂ ಗ್ರಂಥಿಯು ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ. ಹೊರಬೀಳಲಾರದ ರಸವು ಹಿಂದೆ ನಿಂತು ನಾಳವನ್ನು ಉಬ್ಬಿಸಿ ಒಂದು ರಸಗಂಟನ್ನು ಮಾಡುವುದು. ವೈದ್ಯರು ಇದನ್ನು ಸಿಸ್ಟ್ ಎನ್ನುವರು. ಅದು ಗೋಲಿಯಷ್ಟಿದ್ದು ನೋಯದೆ ಇರಬಹುದು. ಸ್ನಾನ ಮಾಡುವಾಗ ಕೈಗೆ ತಾಗಿದಲ್ಲದೆ ತಿಳಿಯದೆಯೂ ಇರಬಹುದು. ಹಾಗಿದ್ದರೆ, ವಯಸ್ಸು 40 ದಾಟದ ಹೆಂಗಸಿನಲ್ಲಿ, ಅದಕ್ಕೆ ಯಾವ ಚಿಕಿತ್ಸೆಯೂ ಬೇಕಿಲ್ಲ. ಆದರೆ ಅದೇ ಗಂಟಿನೊಳಕ್ಕೆ ಕ್ರಿಮಿಗಳು ಸೇರಿದರೆ ನಿಂತ ರಸವು ಕೀವಾಗುವುದು. ಆಗ ಎರಡು ಮೂರು ದಿನಗಳಲ್ಲಿಯೇ ಗಂಟು ಕೆಂಪಾಗಿ, ಬಿಸಿಯಾಗಿ, ಮುಟ್ಟಲಾರದಷ್ಟು ನೋಯುವುದು. ಇದು ಕುರು.

ಇಲ್ಲಿ ಒಂದು ಸಂಶಯವನ್ನು ತೀರಿಸಿಕೊಳ್ಳುವುದು ಒಳ್ಳೆಯದು. ಈ ಬಾವು ಬಂದಿತೆಂದರೆ ನಡತೆಯ ದೋಷದಿಂದ ಬಂದ ರೋಗವೆಂದು ಮನೆಯವರು ಊಹಿಸುವುದುಂಟು. ರೋಗಿಯೇ ತನ್ನೊಳಗೆ ಹಾಗೆ ಅಂಜುವುದೂ ಉಂಟು. ಈ ಕೀವಿನಲ್ಲಿ ಹೆಚ್ಚಾಗಿ ಕಾಣುವುವು ಕರುಳಿನಲ್ಲಿಯೂ ಚರ್ಮದ ಮೇಲೂ ನಿತ್ಯ ವಾಸಿಸುವ ಕ್ರಿಮಿಗಳೇ. ಗೊನೋರಿಯದಂತಹ ಸಂಸರ್ಗರೋಗದ ಕ್ರಿಮಿಗಳು ಕೆಲವರಲ್ಲಿ ಮಾತ್ರ ಸಿಕ್ಕುವುವು. ಆದುದರಿಂದ ವೈದ್ಯರು ಅದಕ್ಕಾಗಿ ಪರೀಕ್ಷೆ ಮಾಡಿಸಿದರೆ ಅದು ಎಚ್ಚರಿಕೆಯ ಮಾತೇ ಹೊರತು ಆರೋಪವಲ್ಲ.

ಒಬ್ಬ ಗೃಹಿಣಿಯ ಸಂಗತಿಯನ್ನು ತೆಗೆದುಕೊಂಡರೆ ಚಿಕಿತ್ಸೆಯ ಕ್ರಮವು ಸ್ಪಷ್ಟವಾಗುವುದು. ಆಕೆಗೆ 28 ವರ್ಷ. ಸೋಮವಾರ ಎಡಪಕ್ಕದಲ್ಲಿ ಹುಣಿಸೆಬೀಜದಷ್ಟು ಗಟ್ಟಿ ತಾಗಿತು. ನೋವು ಅಷ್ಟಾಗಿ ಇರಲಿಲ್ಲ. ಬುಧವಾರಕ್ಕೆ ಅದು ನೆಲ್ಲಿಕಾಯಿಯಷ್ಟಾಗಿ ಕುಳಿತರೆ ಚುಚ್ಚತೊಡಗಿತು. ಓರಗಿತ್ತಿ ಗಮನಿಸಿ, “ಏನೇ, ಯಾಕೆ ಹೀಗೆ ಕಾಲೆಳೆದು ನಡೀತೀಯ?” ಎಂದಳು. ಮೊದಲು ಮುಚ್ಚಿಟ್ಟು, ಅಡಿಗೆಮನೆಯಲ್ಲಿ ಇಬ್ಬರೇ ಇದ್ದಾಗ, “ಅಕ್ಕ, ಯಾರಿಗೂ ಹೇಳಬೇಡಿ” ಎಂದು ಆಕೆ ಹೇಳಿಕೊಂಡಳು. ಓರಗಿತ್ತಿಯು ಸೂಜಿಯನ್ನು ಕಾಯಿಸಿ ಚುಚ್ಚುವ ಮಾತೆತ್ತದೆ ಬಿಸಿನೀರಿನ ವ್ಯವಸ್ಥೆ ಮಾಡಿದುದು ಆಕೆಯ ಪುಣ್ಯ.

ಈ ನೀರಿನ ಕ್ರಮದಲ್ಲಿ ಸೂಕ್ಷ್ಮಗಳುಂಟು. ಅಗಲವಾದ ಟಬ್ಬಿನಲ್ಲಿ ಸುಮಾರು ಒಂದು ಗೇಣಿನ ಅರ್ಧದಷ್ಟು ಆಳಕ್ಕೆ ನೀರು ತುಂಬಬೇಕು. ಕುಳಿತಾಗ ಬಾವು ಮುಳುಗಿದರೆ ಸಾಕು. ನೀರಿನ ಬಿಸಿ ಮಗುವಿಗೆ ಎರೆಯುವಷ್ಟು ಹಿತವಾಗಿರಬೇಕು. ಮುಂಗೈಯನ್ನು ಅದ್ದಿ ನೋಡಿ, ಸುಡದೆ ಬೆಚ್ಚಗಿದ್ದರೆ ಕುಳಿತುಕೊಳ್ಳಬಹುದು. ಹೆಚ್ಚು ಬಿಸಿಯಾದರೆ ಹೆಚ್ಚು ಗುಣವೆಂಬ ನಂಬಿಕೆಯಿಂದ ಕುದಿಯುವ ನೀರನ್ನು ಬಳಸಿದವರಿಗೆ ಸಿಕ್ಕುವುದು ಸುಟ್ಟ ಚರ್ಮವೇ. 10ರಿಂದ 15 ನಿಮಿಷ ಕುಳಿತು, ಎದ್ದು ಮೆತ್ತಗೆ ಒತ್ತಿ ಒರೆಸಿಕೊಳ್ಳಬೇಕು. ಹೀಗೆ ದಿನಕ್ಕೆ ಮೂರು ನಾಲ್ಕು ಸಾರಿ, ಮೂರು ನಾಲ್ಕು ದಿನ. ನೀರಿಗೆ ಔಷಧಿಯನ್ನು ಬೆರಸಬೇಕಾದುದಿಲ್ಲ. ಡೆಟಾಲ್ ಮೊದಲಾದುವು ಅಲ್ಲಿಯ ಕೋಮಲವಾದ ಚರ್ಮವನ್ನು ಉರಿಸುವುವು. ನೋವಿಗೆ ಪ್ಯಾರಸಿಟಮಾಲ್ ಮಾತ್ರೆ ಸಾಕಾಗುವುದು.

ಕಾವು ಮಾಡುವ ಕೆಲಸವೇನು? ಅದು ರಕ್ತದ ಓಟವನ್ನು ಹೆಚ್ಚಿಸಿ ನೋವನ್ನು ತಗ್ಗಿಸುವುದು. ಚದುರಿದ ಬಾವು ಒಂದೆಡೆ ಕೂಡಿ ಹಣ್ಣಾಗಲು ನೆರವಾಗುವುದು. ಸಣ್ಣ ಬಾವಾಗಿದ್ದರೆ ಎಷ್ಟೋ ವೇಳೆ ಅದು ತಾನೇ ಒಡೆದು, ಕೀವು ಹರಿದು, ಅಂದೇ ನೋವಿಳಿಯುವುದು. ಹಾಗೆ ಒಡೆದ ಮೇಲೂ ಎರಡು ಮೂರು ದಿನ ನೀರಿನಲ್ಲಿ ಕುಳಿತುಕೊಳ್ಳುವುದರಿಂದ ಉಳಿದ ಕೀವು ಇಳಿದುಹೋಗುವುದು. ಆದರೆ ಬಾವನ್ನು ಹಿಸುಕುವುದಾಗಲಿ ಮನೆಯಲ್ಲಿ ಚುಚ್ಚುವುದಾಗಲಿ ಕೂಡದು. ಹಿಸುಕಿದರೆ ಕೀವು ಹೊರಕ್ಕೆ ಬರುವ ಬದಲು ಸುತ್ತಲಿನ ಮಾಂಸಕ್ಕೆ ಹರಡಬಹುದು.

ಆ ಗೃಹಿಣಿಯ ಬಾವು ಒಡೆಯಲಿಲ್ಲ. ಶುಕ್ರವಾರಕ್ಕೆ ಅದು ಸಣ್ಣ ನಿಂಬೆಹಣ್ಣಿನಷ್ಟಾಗಿ, ರಾತ್ರಿ ಮಗ್ಗುಲು ಬದಲಿಸುವುದೂ ಕಷ್ಟವಾಯಿತು. ಆಗ ಜಿಲ್ಲೆಯ ಆಸ್ಪತ್ರೆಯ ಸ್ತ್ರೀರೋಗ ವೈದ್ಯೆಯ ಬಳಿಗೆ ಹೋದರು. ವೈದ್ಯೆಯು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು. ಒಳಗೆ ದ್ರವ ತುಂಬಿದ ಚೀಲವು ತುಳುಕುವಂತೆ ಮೆತ್ತಗಾಗಿದ್ದರೆ ಬಾವು ಹಣ್ಣಾಗಿದೆಯೆಂದು ಅರ್ಥ. ಆಗ ಕೀವನ್ನು ತೆಗೆಯಬೇಕು. ಇನ್ನೂ ಕಲ್ಲಿನಂತೆ ಗಟ್ಟಿಯಾಗಿದ್ದರೆ ಕೊಯ್ದರೂ ಹೆಚ್ಚು ಕೀವು ಬರಲಾರದು. ಮತ್ತೊಂದೆರಡು ದಿನ ಕಾವನ್ನೇ ಮುಂದುವರಿಸಿ ನೋಡುವುದು ರೂಢಿ. ಆಕೆಯ ಬಾವು ಹಣ್ಣಾಗಿತ್ತು.

ಕೊಯ್ದು ಕೀವು ತೆಗೆದರೆ ಕೆಲಸ ಮುಗಿಯಿತೆಂದು ಯಾರಾದರೂ ತಿಳಿಯುವರು. ಈ ಬಾವಿನ ಮರ್ಮವಿರುವುದು ಇಲ್ಲಿಯೇ. ರೋಗದ ಮೂಲ ಕೀವಲ್ಲ, ಮುಚ್ಚಿದ ಬಾಯಿ. ಬರಿಯ ಕೊಯ್ತದಿಂದ ಅಂದಿನ ನೋವು ಇಳಿಯುವುದು ದಿಟ. ಆದರೆ ಗಾಯದ ಅಂಚುಗಳು ಕೆಲವೇ ದಿನಗಳಲ್ಲಿ ಕೂಡಿಕೊಂಡು ಬಾಗಿಲು ಮತ್ತೆ ಮುಚ್ಚುವುದು, ರಸವು ಮತ್ತೆ ನಿಲ್ಲುವುದು. ಆದಕಾರಣ ಹೊಸದೊಂದು ಬಾಗಿಲನ್ನು ತೆರೆದು, ಅದು ಮುಚ್ಚದಂತೆ ನೋಡಿಕೊಳ್ಳುವುದೇ ನಿಜವಾದ ಚಿಕಿತ್ಸೆ.

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದನ್ನು ಬ್ಯೂಫೋರ್ಡ್ ವರ್ಡ್ ಎಂಬ ಅಮೆರಿಕದ ವೈದ್ಯನು 1960ರ ದಶಕದಲ್ಲಿ ಬಳಕೆಗೆ ತಂದನು. ಅದು ತುದಿಯಲ್ಲಿ ಪುಟ್ಟ ಬುಗ್ಗೆಯುಳ್ಳ ಒಂದು ಸಣ್ಣ ರಬ್ಬರಿನ ನಾಳ. ವರ್ಡ್ ಕ್ಯಾಥೆಟರ್ ಎಂದು ಅದರ ಹೆಸರು. ಆ ಎಡೆಯನ್ನು ಮಾತ್ರ ಮರಗಟ್ಟಿಸುವ ಸೂಜಿಮದ್ದು ಕೊಟ್ಟು, ಬಾವಿನ ಒಳಮಗ್ಗುಲಲ್ಲಿ, ನಾಳದ ಸಹಜವಾದ ಬಾಯಿ ಇರುವ ಬಳಿಯಲ್ಲಿಯೇ, ಸುಮಾರು 5 ಮಿಲಿಮೀಟರ್ ಕೊಯ್ಯುವರು. ಕೀವು ಹರಿದ ಮೇಲೆ ಕ್ಯಾಥೆಟರನ್ನು ತೂರಿಸಿ, ಬುಗ್ಗೆಗೆ 2-3 ಮಿಲಿಲೀಟರ್ ಶುದ್ಧವಾದ ಉಪ್ಪುನೀರನ್ನು ತುಂಬುವರು. ಉಬ್ಬಿದ ಬುಗ್ಗೆ ಹೊರಕ್ಕೆ ಜಾರದು. ಹೊರಗುಳಿದ ತುದಿಯನ್ನು ಯೋನಿಯೊಳಕ್ಕೆ ಮಡಿಸಿಡುವರು. ಕೊಯ್ತವು ಬೇಕಾದುದಕ್ಕಿಂತ ದೊಡ್ಡದಾದರೆ ಬುಗ್ಗೆ ಬಿದ್ದುಹೋಗುವುದರಿಂದಲೇ ಆ ಅಳತೆ. ನಾಲ್ಕರಿಂದ ಆರು ವಾರ ಅದು ಅಲ್ಲಿಯೇ ಇರಬೇಕು. ಆ ಅವಧಿಯಲ್ಲಿ ಹೊಸ ದಾರಿಯ ಒಳಗೋಡೆಗೆ ಚರ್ಮ ಬೆಳೆದು ಬಾಗಿಲು ಶಾಶ್ವತವಾಗುವುದು. ನಡೆಯಬಹುದು, ಸ್ನಾನ ಮಾಡಬಹುದು, ಬಿಸಿನೀರಿನಲ್ಲಿ ಕುಳಿತುಕೊಳ್ಳಬಹುದು. ಬುಗ್ಗೆಯು ಮೊದಲೇ ಜಾರಿ ಬಿದ್ದರೆ ವೈದ್ಯರಿಗೆ ತಿಳಿಸಬೇಕು.

ಎರಡನೆಯದು ಮಾರ್ಸುಪಿಯಲೈಸೇಷನ್ ಎಂಬ ಶಸ್ತ್ರಕ್ರಿಯೆ. ಕಾಂಗರೂವಿನ ಹೊಟ್ಟೆಯ ಚೀಲವನ್ನು ನೆನೆಸಿಕೊಂಡು ಇಟ್ಟ ಹೆಸರಿದು. ಗಂಟನ್ನು ಸೀಳಿ, ಅದರ ಗೋಡೆಯ ಅಂಚನ್ನು ಹೊರಗಿನ ಚರ್ಮದ ಅಂಚಿಗೆ ತಾನಾಗಿ ಕರಗುವ ದಾರದಿಂದ ಹೊಲಿಯುವರು; ಹೀಗೆ ಅದು ಬಾಯಿ ತೆರೆದ ಜೇಬಿನಂತಾಗುವುದು. ನೆದರ್ಲೆಂಡ್ಸ್ ಮತ್ತು ಇಂಗ್ಲೆಂಡಿನಲ್ಲಿ ಈ ಎರಡನ್ನೂ ಹೋಲಿಸಿ ನೋಡಿ 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂದು ವರ್ಷದೊಳಗೆ ಬಾವು ಮರಳಿದುದು ಎರಡರಲ್ಲಿಯೂ ಸರಿಸುಮಾರು ಹತ್ತರಲ್ಲಿ ಒಬ್ಬರಿಗೆ. ಆ ಗೃಹಿಣಿಗೆ ಹೋದ ಆಸ್ಪತ್ರೆಯಲ್ಲಿ ವರ್ಡ್ ಕ್ಯಾಥೆಟರ್ ಇರಲಿಲ್ಲ; ಆದುದರಿಂದ ಎರಡನೆಯದನ್ನೇ ಮಾಡಿದರು. ಕೀವು ಹೊರಬಿದ್ದೊಡನೆ ಐದು ದಿನಗಳ ನೋವು ಇಳಿಯಿತು. ಅಂದೇ ಸಂಜೆ ಮನೆಗೆ ಬಂದು, ಮಾರನೆಯ ದಿನದಿಂದ ಮತ್ತೆ ಅದೇ ಬಿಸಿನೀರಿನ ಕ್ರಮವನ್ನು ಹಿಡಿದಳು. ಗ್ರಂಥಿಯನ್ನೇ ಕಿತ್ತುಹಾಕುವ ಕ್ರಿಯೆಯೂ ಉಂಟು. ಆದರೆ ಆ ಎಡೆಯಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ, ಮತ್ತೆ ಮತ್ತೆ ಬಾವು ಏಳುವವರಿಗೆ ಮಾತ್ರ ಅದನ್ನು ಕೊನೆಗೆ ಮೀಸಲಿಡುವರು.

ಕೀವು ಚೆನ್ನಾಗಿ ಹರಿದುಹೋದರೆ ಎಲ್ಲರಿಗೂ ಆಂಟಿಬಯಾಟಿಕ್ ಬೇಕಾಗುವುದಿಲ್ಲ. ಕಟ್ಟಿನಿಂತ ಕೀವಿನ ಚೀಲದೊಳಕ್ಕೆ ಮಾತ್ರೆಯ ಪ್ರಭಾವ ಸರಿಯಾಗಿ ಹೋಗದಾದುದರಿಂದ, ಬರಿಯ ಮಾತ್ರೆ ನುಂಗಿ ಹಣ್ಣಾದ ಬಾವನ್ನು ಕರಗಿಸಿಬಿಡುವ ಆಸೆಯೂ ಸಲ್ಲದು. ಜ್ವರ ಬಂದರೆ, ಕೆಂಪು ತೊಡೆಯ ಕಡೆಗೋ ಪೃಷ್ಠದ ಕಡೆಗೋ ಹಬ್ಬಿದರೆ, ರೋಗಿಯು ಬಸುರಿಯಾಗಿದ್ದರೆ ಇಲ್ಲವೆ ಸಕ್ಕರೆ ಕಾಯಿಲೆಯುಳ್ಳವಳಾಗಿದ್ದರೆ ಮಾತ್ರ ಬೇರೆ. ಇಂಥವರು ನಾಲ್ಕು ದಿನದ ಕಾವನ್ನು ಕಾಯದೆ ಮೊದಲ ದಿನವೇ ವೈದ್ಯರಿಗೆ ತೋರಿಸಬೇಕು. ಅದರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿ ಸೋಂಕು ಒಳಮಾಂಸಕ್ಕೆ ಇಳಿದು ಒಂದೆರಡು ದಿನಗಳಲ್ಲಿಯೇ ಪ್ರಾಣಕ್ಕೆ ಎರವಾಗುವುದುಂಟು. ಕಣ್ಣಿಗೆ ಕಾಣುವ ಬಾವಿಗಿಂತ ನೋವು ಮಿತಿಮೀರಿ ಹೆಚ್ಚಾಗಿರುವುದು ಅದರ ಗುರುತು.

ಇನ್ನೊಂದು ಗುಂಪಿನವರು 40 ವರ್ಷ ದಾಟಿದವರು, ವಿಶೇಷವಾಗಿ ಮುಟ್ಟು ನಿಂತವರು. ಆ ವಯಸ್ಸಿಗೆ ಈ ಗ್ರಂಥಿಗಳು ಕುಗ್ಗತೊಡಗುವುದರಿಂದ ಅಲ್ಲಿ ಹೊಸದಾಗಿ ಗಂಟು ಏಳುವುದು ಸಹಜವಲ್ಲ. ಅಪರೂಪವಾಗಿಯಾದರೂ ಅದು ಕ್ಯಾನ್ಸರ್ ಆಗಿರಬಹುದು. ಆದಕಾರಣ ವೈದ್ಯರು ಅದರ ಒಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳುಹಿಸುವರು. ನೋಯದ ಗಂಟನ್ನು ಹಾಗೆಯೇ ಬಿಡಬಹುದೆಂಬ ಮಾತು ಚಿಕ್ಕ ವಯಸ್ಸಿನವರಿಗೆ ಒಪ್ಪುವುದು; ಅತ್ತೆಗೂ ಅಜ್ಜಿಗೂ ಒಪ್ಪದು. ಮನೆಯಲ್ಲಿ ಹಿರಿಯ ಹೆಂಗಸೇ ಎಲ್ಲರಿಗಿಂತ ಹೆಚ್ಚು ಮುಚ್ಚಿಡುವವಳಾದುದರಿಂದ, ಸೊಸೆಯ ಬಾವನ್ನು ವಿಚಾರಿಸಿದವರು ಆಕೆಯನ್ನೂ ಒಂದು ಮಾತು ಕೇಳಿಡುವುದು ಲೇಸು.