ಎಷ್ಟು ಎಲೆ?

ಮೊದಲ ನಾಮಕರಣದ ಕೆಲಸ ಹಿಡಿದಾಗ ನನಗೆ ಪರಿಚಯವಿದ್ದವರು ಪಕ್ಕದೂರಿನ ಅಡುಗೆ ಭಟ್ಟರೊಬ್ಬರೇ. ಶಾಮಿಯಾನದವರನ್ನೂ ಪಾತ್ರೆ ಬಾಡಿಗೆಯವರನ್ನೂ ಅವರೇ ತೋರಿಸಿಕೊಟ್ಟರು. ತೊಟ್ಟಿಲಿಗೆ ಸೇವಂತಿಗೆ ಕಟ್ಟುವುದು, ಬಾಗಿಲಿಗೆ ತೋರಣ ಹಾಕುವುದು ನನಗೆ ಸಲೀಸು. ಭಟ್ಟರು ಕೇಳಿದ್ದು ಒಂದೇ: "ಎಷ್ಟು ಎಲೆ?"

ಮನೆಯವರು 150 ಅಂದಿದ್ದರು, ನಾನೂ ಅದನ್ನೇ ಹೇಳಿದೆ. ಕಿಲೋ ಅಕ್ಕಿಗೆ ಹತ್ತು ಜನ ಅಂತ 15 ಕಿಲೋ ಅಕ್ಕಿ ಬಂತು. ಮೂರನೇ ಪಂಕ್ತಿ ಏಳುವಾಗ ಹೊರಗೆ ಇನ್ನೊಂದು ಪಂಕ್ತಿಯ ಜನ ನಿಂತಿದ್ದರು! ಅಂಗಡಿಗೆ ಓಡಿ ನನ್ನ ದುಡ್ಡಲ್ಲೇ 6 ಕಿಲೋ ತಂದೆ. ಭಟ್ಟರು ಸಾರಿಗೆ ನೀರು ಸೇರಿಸಿದರು. ಪಾಯಸ ಮಾತ್ರ ಮುಗಿದಿತ್ತು. ಕೊನೆಯ ಪಂಕ್ತಿಯಲ್ಲಿ ಕೂತವರು ಮಗುವಿನ ಸೋದರಮಾವನ ಕಡೆಯವರು. ಅಜ್ಜಿ ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ.

ಆಮೇಲೆ ಗೊತ್ತಾಯಿತು, ಅವರು ಹೆಸರು ಎಣಿಸಿದ್ದರು, ಕರೆದದ್ದು ಮಾತ್ರ "ಮನೆಮಂದಿಯೆಲ್ಲ ಬನ್ನಿ" ಅಂತ.

ಈಗ ಅಡ್ವಾನ್ಸ್ ಮುಟ್ಟುವ ಮೊದಲು ಮನೆಯ ಹೆಂಗಸರ ಜೊತೆ ಕೂರುತ್ತೇನೆ. ಯಾವ ಮನೆಗೆ ಒಬ್ಬರಿಗೆ ಕರೆ, ಯಾವ ಮನೆಗೆ ಎಲ್ಲರಿಗೂ ಕರೆ ಎಂದು ಬರೆದುಕೊಳ್ಳುತ್ತೇನೆ. ಹೆಚ್ಚಾದ ಎಲೆಗೆ ಇಷ್ಟು ರೂಪಾಯಿ ಅಂತಲೂ ಬರೆಸುತ್ತೇನೆ. ಬಾಳೆಎಲೆಯನ್ನು ಎಣಿಸಿಯೇ ತರಿಸುತ್ತೇನೆ, ಊಟ ಮುಗಿದ ಮೇಲೆ ಉಳಿದದ್ದನ್ನು ಅವರ ಎದುರಿಗೇ ಎಣಿಸುತ್ತೇನೆ. ಪಾಯಸದ ಒಂದು ಡಬರಿ ಕೊನೆಯ ಪಂಕ್ತಿಗೆಂದು ಪಕ್ಕಕ್ಕಿಡಿಸುತ್ತೇನೆ.