ಲಿವರ್ ಡಬ್ಬಿಯೊಳಗಿನ ಎರಡು ಗಿಡ

(1/6)
ಫೋಟೊದಲ್ಲಿರೋ ಡಬ್ಬಿಯನ್ನ ನೀವೂ ನೋಡಿರ್ತೀರಿ. ಹೆಸರು ಮುಚ್ಚಿದ್ದೀನಿ, ಯಾಕಂದ್ರೆ ಇಂಥವು ಹತ್ತಾರು ಕಂಪನಿದು ಅದಾವ. ಮುಂದೆ ‘ಲಿವರ್ ಡಿಟಾಕ್ಸ್’ ಅಂತ ದೊಡ್ಡ ಅಕ್ಷರ, ಕೆಳಗೆ ನೇರಳೆ ಹೂವಿನ ಚಿತ್ರ, ಪಕ್ಕದಲ್ಲಿ ಹಳದಿ ಹೂವು. ನೇರಳೆದು ಮಿಲ್ಕ್ ಥಿಸಲ್, ಹಳದಿದು ಡ್ಯಾಂಡೇಲಿಯನ್. ಮೊದಲನೇದು ಲಿವರ್ ಕಾಯುತ್ತೆ, ಎರಡನೇದರ ಬೇರು ಮೈಯಲ್ಲಿ ನಿಂತ ನೀರು ಇಳಿಸುತ್ತೆ ಅಂತ ಹೇಳಿ ಮಾರ್ತಾರೆ. ಹೋದ ವಾರ ಸ್ಟೋರಿ ಹಾಕಿದಾಗ ನಮ್ಮ ಕ್ಲಾಸಿನವರೇ ನಾಲ್ಕು ಮಂದಿ ‘ಇದು ಖರೇನ ಕೆಲಸ ಮಾಡ್ತೈತೇನು’ ಅಂತ ಕೇಳಿದ್ರು. ಉತ್ತರ ಒಂದು ಸಾಲಿನಲ್ಲಿ ಮುಗಿಯೋದಲ್ಲ, ಅದಕ್ಕೇ ಈ ಸರಣಿ.

ಮೊದಲು ಡಬ್ಬಿ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದ್ರಿ. ಮಿಲ್ಕ್ ಥಿಸಲ್‌ನಲ್ಲಿ ಕೆಲಸದ್ದು ಅಂತ ನಂಬಿರೋದು ಅದರ ಬೀಜದೊಳಗಿನ ಸಿಲಿಮರಿನ್ ಅನ್ನೋ ಅಂಶ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸಿದ್ದು ದಿನಕ್ಕೆ 420 ಮಿಲಿಗ್ರಾಂ ಸಿಲಿಮರಿನ್, ಅಂದ್ರೆ 140ರಂತೆ ಮೂರು ಹೊತ್ತು. ನಮ್ಮ ಮೆಡಿಕಲ್ ಶಾಪ್‌ನಲ್ಲಿ ಸಿಗೋ ಸಿಲಿಮರಿನ್ ಗುಳಿಗಿಯೂ 70, 140 ಅಂತಲೇ ಬರುತ್ತೆ. ಆದ್ರೆ ಈ ಡಬ್ಬಿ ಮೇಲಿರೋದು ‘ಮಿಲ್ಕ್ ಥಿಸಲ್ ಬೀಜದ ಪುಡಿ 400 ಮಿಲಿಗ್ರಾಂ’. ಇದು ಸಾರ ಅಲ್ಲ, ಬರೀ ಪುಡಿ. ಬೀಜದಲ್ಲಿ ಸಿಲಿಮರಿನ್ ಇರೋದು ನೂರಕ್ಕೆ ಒಂದೂವರೆಯಿಂದ ಮೂರರಷ್ಟು. ಎರಡು ಅಂತ ಹಿಡಿದ್ರೂ 400ರಲ್ಲಿ 8 ಮಿಲಿಗ್ರಾಂ. 420 ಮುಟ್ಟೋಕೆ ದಿನಕ್ಕೆ ಐವತ್ತಮೂರು ಕ್ಯಾಪ್ಸೂಲ್ ನುಂಗಬೇಕು! ಅದೇ ‘ಸಾರ 175 ಮಿಲಿಗ್ರಾಂ, ಸಿಲಿಮರಿನ್ ಶೇ 80’ ಅಂತ ಇದ್ದಿದ್ರೆ ಒಂದರಲ್ಲೇ 140 ಸಿಗ್ತಿತ್ತು. 400 ದೊಡ್ಡದು, 175 ಸಣ್ಣದು ಅಂತ ಕಾಣೋದು ಇಲ್ಲಿ ಪೂರ್ತಿ ಉಲ್ಟಾ. ಬೀಜ ಕುದಿಸಿ ಚಹಾ ಮಾಡ್ಕೊಂಡು ಕುಡಿಯೋರಿಗೂ ಒಂದು ಮಾತು: ಸಿಲಿಮರಿನ್ ನೀರಲ್ಲಿ ಸರಿಯಾಗಿ ಕರಗೋದೇ ಇಲ್ಲ.

(2/6)
ಸರಿ, ಅಳತೆ ಸರಿಯಿರೋ ಗುಳಿಗಿನೇ ತಗೊಂಡ್ರು ಅಂತ ಇಟ್ಕೊಳ್ಳೋಣ. ಲಾಭ ಐತೇನು?

ಇಲ್ಲಿ ಎರಡು ಪ್ರಯೋಗಗಳ ಕಥೆ ಹೇಳ್ತೀನಿ. 1989ರಲ್ಲಿ ಆಸ್ಟ್ರಿಯಾದ ಫೆರೆಂಚಿ ಮತ್ತು ಜೊತೆಗಾರರು ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಿದ್ದ 170 ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯ್ತು. ಅರ್ಧ ಜನಕ್ಕೆ ಸಿಲಿಮರಿನ್, ಇನ್ನರ್ಧಕ್ಕೆ ನೋಡೋಕೆ ಅದೇ ಥರ ಇರೋ, ಔಷಧವೇ ಇಲ್ಲದ ಗುಳಿಗಿ. ನಾಲ್ಕು ವರ್ಷದ ಲೆಕ್ಕದಲ್ಲಿ ಸಿಲಿಮರಿನ್ ಗುಂಪಿನಲ್ಲಿ ಬದುಕುಳಿದವರು ಶೇ 58, ಇನ್ನೊಂದರಲ್ಲಿ ಶೇ 39. ಇದು ಸಣ್ಣ ಅಂತರ ಅಲ್ಲ. ಇವತ್ತಿಗೂ ಎಷ್ಟೋ ಜಾಹೀರಾತಿನ ಬೇರು ಈ ಒಂದು ಲೆಕ್ಕದಲ್ಲೇ ಇದೆ.

ಒಂದು ಪ್ರಯೋಗದಲ್ಲಿ ಬಂದದ್ದು ಇನ್ನೊಬ್ಬರು ಮಾಡಿದಾಗಲೂ ಬರಬೇಕಲ್ಲ? 1998ರಲ್ಲಿ ಸ್ಪೇನ್‌ನವರು ಕುಡಿತದಿಂದ ಸಿರೋಸಿಸ್ ಆದ 200 ಜನಕ್ಕೆ ದಿನಕ್ಕೆ 450 ಮಿಲಿಗ್ರಾಂ, ಎರಡು ವರ್ಷ ಕೊಟ್ಟು ನೋಡಿದ್ರು. ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 2007ರಲ್ಲಿ ಕಾಕ್ರೇನ್ ಸಂಸ್ಥೆಯವರು ಕುಡಿತದ ಮತ್ತು ಹೆಪಟೈಟಿಸ್ ಬಿ, ಸಿ ಲಿವರ್ ರೋಗಿಗಳ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿದ್ರು. ಚೆನ್ನಾಗಿ ನಡೆಸಿದ ಪ್ರಯೋಗಗಳಷ್ಟನ್ನೇ ತಗೊಂಡಾಗ ಸಾವು ಕಡಿಮೆಯಾದದ್ದಕ್ಕೆ ಪುರಾವೆ ಸಿಗಲಿಲ್ಲ.

‘ಡೋಸ್ ಕಡಿಮೆ ಇತ್ತು’ ಅನ್ನೋರಿಗೆ 2012ರ ಅಮೆರಿಕದ ಪ್ರಯೋಗ ಐತಿ. ಹೆಪಟೈಟಿಸ್ ಸಿ ಇದ್ದ, ಹಳೇ ಇಂಟರ್‌ಫೆರಾನ್ ಚಿಕಿತ್ಸೆ ಫಲಿಸದ 154 ಜನ. ಕೆಲವರಿಗೆ 420, ಕೆಲವರಿಗೆ 700 ಮಿಲಿಗ್ರಾಂ, ಅದೂ ದಿನಕ್ಕೆ ಮೂರು ಸಲ, 24 ವಾರ. ನೋಡಿದ್ದು ಎಎಲ್‌ಟಿ, ಅಂದ್ರೆ ನಮ್ಮ ಲ್ಯಾಬ್ ರಿಪೋರ್ಟ್‌ನಲ್ಲಿ ಎಸ್‌ಜಿಪಿಟಿ ಅಂತ ಬರೋದು. ಗುರಿ ಮುಟ್ಟಿದವರು ಪ್ರತಿ ಗುಂಪಿನಲ್ಲೂ ಇಬ್ಬಿಬ್ಬರೇ. ಔಷಧ ಇಲ್ಲದ ಗುಳಿಗಿ ತಗೊಂಡ ಗುಂಪಿನಲ್ಲೂ ಇಬ್ಬರು.

ಕೊಬ್ಬಿನ ಲಿವರ್‌ಗೆ ಬಂದ್ರೆ ಸ್ವಲ್ಪ ಬಾಗಿಲು ತೆರೆದಿದೆ. ಮಲೇಷ್ಯಾದಲ್ಲಿ 99 ಜನರ ಮೇಲೆ, 48 ವಾರದ ಪ್ರಯೋಗ 2017ರಲ್ಲಿ ಬಂತು. ಮುಖ್ಯ ಗುರಿಯಲ್ಲಿ ಸೋಲು. ಆದರೆ ಲಿವರ್‌ನ ಗಾಯದ ಗಟ್ಟಿತನ ಇಳಿದವರು ಸಿಲಿಮರಿನ್ ಗುಂಪಿನಲ್ಲಿ ಹೆಚ್ಚಿದ್ರು. ಇದನ್ನ ದೊಡ್ಡ ಪ್ರಯೋಗದಲ್ಲಿ ಮತ್ತೆ ನೋಡಬೇಕು ಅನ್ನೋವಷ್ಟು ಸುಳಿವು, ಡಬ್ಬಿ ಮೇಲೆ ಅಚ್ಚು ಹಾಕೋವಷ್ಟಲ್ಲ.

(3/6)
ಹಂಗಾದ್ರೆ ಮಿಲ್ಕ್ ಥಿಸಲ್ ಬರೀ ಬೊಗಳೆನಾ? ನಾನು ಹಂಗ ಹೇಳಲ್ಲ. ಯುರೋಪಿನಲ್ಲಿ ‘ಡೆತ್ ಕ್ಯಾಪ್’ ಅನ್ನೋ ವಿಷದ ಅಣಬೆ ತಿಂದು ಬಂದವರಿಗೆ ಇದೇ ಬೀಜದಿಂದ ತೆಗೆದ ಸಿಲಿಬಿನಿನ್ ಅನ್ನ ರಕ್ತನಾಳಕ್ಕೆ ಕೊಡ್ತಾರೆ. ಅಣಬೆಯ ವಿಷ ಲಿವರ್ ಜೀವಕೋಶದ ಒಳಗೆ ಹೋಗೋ ದಾರಿಯನ್ನ ಅದು ಅಡ್ಡಗಟ್ಟುತ್ತೆ, ಹಾಗಾಗಿ ಬೇಗ ಕೊಟ್ಟಷ್ಟೂ ಒಳ್ಳೇದು. ಅಲ್ಲೂ ಪುರಾವೆ ಬಂದಿರೋದು ಹೆಚ್ಚಾಗಿ ರೋಗಿಗಳ ದಾಖಲೆಗಳಿಂದ. ಅಂಥ ಹೊತ್ತಿನಲ್ಲಿ ಚೀಟಿ ಎತ್ತಿ ಅರ್ಧ ಜನಕ್ಕೆ ಖಾಲಿ ಔಷಧ ಕೊಡೋಕೆ ಯಾರಿಗೂ ಮನಸ್ಸು ಬರಲ್ಲ. ಅದು ಐಸಿಯುನಲ್ಲಿ ಹನಿಹನಿಯಾಗಿ ಕೊಡೋ ಶುದ್ಧ ಔಷಧ. ಡಬ್ಬಿಯವರು ಅದರ ಕೀರ್ತಿಯನ್ನ ಪುಡಿಗೆ ಹಚ್ಚಿದ್ದಾರೆ.

ತೊಂದರೆ ಇದರಿಂದ ಕಡಿಮೆ. ಕೆಲವರಿಗೆ ಹೊಟ್ಟೆ ಸಡಿಲ ಆಗುತ್ತೆ. ಇನ್ನೊಂದು ನಮ್ಮ ಕಡೆ ನೆನಪಿಡೋದು: ಮಿಲ್ಕ್ ಥಿಸಲ್, ಡ್ಯಾಂಡೇಲಿಯನ್ ಎರಡೂ ನಮ್ಮ ಕಾಂಗ್ರೆಸ್ ಕಸದ ಕುಟುಂಬದವೇ. ಕಾಂಗ್ರೆಸ್ ಕಸ ಮುಟ್ಟಿದ್ರೆ ಮೈ ತುರಿಸೋರು, ಸೀನು ಹತ್ತೋರು ಇವೆರಡರ ಹತ್ತಿರವೂ ಹುಷಾರಿರಬೇಕು.

(4/6)
ಈಗ ಹಳದಿ ಹೂವು. ಫ್ರೆಂಚ್ ಭಾಷೆಯಲ್ಲಿ ಡ್ಯಾಂಡೇಲಿಯನ್‌ಗೆ ‘ಪಿಸಾಂಲಿ’ ಅಂತಾರೆ, ಅರ್ಥ ‘ಹಾಸಿಗೆಯಲ್ಲಿ ಉಚ್ಚೆ’. (ನಗಬ್ಯಾಡ್ರಿ, ಖರೇನೇ.) ಉಚ್ಚೆ ಜಾಸ್ತಿ ಮಾಡಿಸುತ್ತೆ ಅನ್ನೋ ನಂಬಿಕೆ ಅಷ್ಟು ಹಳೇದು.

ಮನುಷ್ಯರ ಮೇಲೆ ನೋಡಿದ್ದು ಅಂತ ಎಲ್ಲರೂ ತೋರಿಸೋದು 2009ರ ಒಂದೇ ಸಣ್ಣ ಅಧ್ಯಯನ. 17 ಜನ, ಒಂದೇ ದಿನ, ಮೂರು ಡೋಸ್. ಮೊದಲ ಡೋಸ್ ಆದ ಐದು ಗಂಟೆಯೊಳಗೆ ಹೆಚ್ಚು ಸಲ ಮೂತ್ರಕ್ಕೆ ಹೋದ್ರು. ಎರಡನೇ ಡೋಸ್ ಆದಮೇಲೆ ಕುಡಿದ ನೀರಿಗೆ ಹೋಲಿಸಿದ್ರೆ ಹೊರಗೆ ಹೋದದ್ದು ಸ್ವಲ್ಪ ಜಾಸ್ತಿ. ಮೂರನೇದಕ್ಕೆ ಏನೂ ಬದಲಾವಣೆ ಇಲ್ಲ. ಹೋಲಿಸಿ ನೋಡೋಕೆ ಖಾಲಿ ಔಷಧದ ಗುಂಪೂ ಇರಲಿಲ್ಲ. ಭಾಗವಹಿಸಿದವರು ಆರೋಗ್ಯವಂತರು, ಕಾಲು ಬಾವು ಬಂದವರಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು, ಅವರಿಗೆ ಕೊಟ್ಟದ್ದು ಎಲೆಯ ಸಾರ. ನಮ್ಮ ಡಬ್ಬಿಯಲ್ಲಿರೋದು ಬೇರು! 1974ರಲ್ಲಿ ಪ್ರಾಣಿಗಳ ಮೇಲೆ ನೋಡಿದಾಗಲೂ ಎಲೆಗೆ ಇದ್ದ ಜೋರು ಬೇರಿಗೆ ಇರಲಿಲ್ಲ. ಎಲೆಯ ಅಧ್ಯಯನ ತೋರಿಸಿ ಬೇರು ಮಾರೋದು ಅಂದ್ರೆ ಕೊತ್ತಂಬರಿ ಸೊಪ್ಪಿನ ಹೆಸರು ಹೇಳಿ ಅದರ ಬೇರು ಚೀಲಕ್ಕೆ ಹಾಕಿದಂಗ.

‘ನಮ್ಮಲ್ಲಿ ರೊಟ್ಟಿ ಜೋಡಿ ಹಸೀದೇ ತಿನ್ನೋ ಹಕ್ಕರಕಿ ಸೊಪ್ಪೇ ಡ್ಯಾಂಡೇಲಿಯನ್ ಅಲ್ವಾ?’ ಅಂತ ಒಬ್ಬಾಕಿ ಕೇಳಿದ್ಲು. ಹಕ್ಕರಕಿಗೆ ಇಂಗ್ಲಿಷ್ ಹೆಸರು ಕೊಡುವಾಗ ಹಂಗೆ ಬರೆಯೋರು ಇದ್ದಾರೆ. ಒಂದೇ ಕುಟುಂಬ, ಹಳದಿ ಹೂವು, ಮುರಿದ್ರೆ ಹಾಲು, ಎಲ್ಲ ನಿಜ. ಡ್ಯಾಂಡೇಲಿಯನ್‌ನಲ್ಲಿ ಮಾತ್ರ ನೆಲದಿಂದ ಎದ್ದ ಟೊಳ್ಳು ದಂಟಿನ ತುದಿಗೆ ಒಂದೇ ಹೂವು, ದಂಟಿಗೆ ಎಲೆಯಿಲ್ಲ, ಕವಲಿಲ್ಲ. ಅದು ತಂಪು ಸೀಮೆಯ ಗಿಡ. ನಿಮ್ಮ ಹಕ್ಕರಕಿ ನೀವು ಉಳ್ಳಾಗಡ್ಡಿ ಜೋಡಿ ಆರಾಮ ತಿನ್ರಿ, ಔಷಧ ಅಂತ ಲೆಕ್ಕ ಹಾಕಬ್ಯಾಡ್ರಿ.

(5/6)
ನನಗೆ ಈ ಡಬ್ಬಿ ಬಗ್ಗೆ ಸಿಟ್ಟು ಬಂದದ್ದು ರೊಕ್ಕದ ಸಲುವಾಗಿ ಅಲ್ಲ. ನಮ್ಮ ಓಣಿಯ ಕಾಕಾ ಒಬ್ಬರಿಗೆ ಸಂಜೆ ಆದ್ರೆ ಎರಡೂ ಕಾಲಿನ ಹರಡಿನ ಹತ್ತಿರ ಬಾವು. ಬೆಂಗಳೂರಿನಲ್ಲಿರೋ ಮಗ ‘ನೀರು ಇಳಿತೈತಿ’ ಅಂತ ಇಂಥದ್ದೇ ಡಬ್ಬಿ ಕಳಿಸಿದ್ದ. ಒಂದು ತಿಂಗಳು ತಗೊಂಡ್ರು, ಚಪ್ಪಲಿ ಪಟ್ಟಿ ಅಷ್ಟೇ ಬಿಗಿ. ಕೊನೆಗೆ ದವಾಖಾನೆಗೆ ಹೋದಾಗ ಡಾಕ್ಟರ್ ಮೊದಲು ಕೇಳಿದ್ದೇ ‘ಮತ್ತ ಯಾವ ಗುಳಿಗಿ ತಗೋತೀರಿ, ಹಾಳಿ ತೋರಸ್ರಿ’ ಅಂತ. ಬಿಪಿಗೆ ಆಮ್ಲೋಡಿಪಿನ್ 10 ಮಿಲಿಗ್ರಾಂ ಇತ್ತು. ಕಾಲು ಬಾವು ಆ ಗುಳಿಗಿಯ ಗೊತ್ತಿರೋ ಅಡ್ಡಪರಿಣಾಮ, ಡೋಸ್ ಹೆಚ್ಚಿದಷ್ಟೂ ಜಾಸ್ತಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಆಮ್ಲೋಡಿಪಿನ್ ಸಣ್ಣ ರಕ್ತನಾಳಗಳನ್ನ ಸಡಿಲ ಮಾಡುತ್ತೆ, ಒತ್ತಡಕ್ಕೆ ನೀರು ನಾಳದಿಂದ ಹೊರಗೆ ಜಿನುಗಿ ಹರಡಿನ ಹತ್ತಿರ ನಿಲ್ಲುತ್ತೆ. ಮೈಯಲ್ಲಿ ಒಟ್ಟು ನೀರು ಹೆಚ್ಚಾಗಿರೋದಲ್ಲ. ಹಾಗಾಗಿ ಉಚ್ಚೆ ಹೆಚ್ಚಿಸೋ ನಿಜವಾದ ಔಷಧಕ್ಕೂ ಆ ಬಾವು ಸರಿಯಾಗಿ ಬಗ್ಗಲ್ಲ, ಇನ್ನು ಬೇರಿನ ಪುಡಿ ಎಲ್ಲಿಂದ ಬಗ್ಗಿಸಬೇಕು? ಡಾಕ್ಟರ್ ಬಿಪಿ ಗುಳಿಗಿ ಬದಲಿಸಿದ್ರು, ಕೆಲವು ವಾರದಲ್ಲಿ ಬಾವು ಇಳೀತು. (ಇದನ್ನ ಓದಿ ಯಾರೂ ಮನೆಯವರ ಬಿಪಿ ಗುಳಿಗಿ ನಿಲ್ಲಿಸಬ್ಯಾಡ್ರಿ. ಬದಲಿಸೋದು ಡಾಕ್ಟರ್ ಕೆಲಸ.)

ಲಿವರ್ ಕೆಟ್ಟು ಬರೋ ಬಾವಿನ ದಾರಿಯೇ ಬೇರೆ. ಅಲ್ಲಿ ಲಿವರ್ ಮಾಡಬೇಕಾದ ಅಲ್ಬುಮಿನ್ ಕಡಿಮೆಯಾಗಿರುತ್ತೆ, ಕಿಡ್ನಿ ಉಪ್ಪನ್ನ ಬಿಡದೆ ಹಿಡಿದಿಟ್ಟಿರುತ್ತೆ, ಹೊಟ್ಟೆಯಲ್ಲೂ ನೀರು ತುಂಬುತ್ತೆ. ಅದಕ್ಕೆ ಉಪ್ಪು ಕಡಿಮೆ ಮಾಡಿಸಿ ಸ್ಪೈರೋನೊಲ್ಯಾಕ್ಟೋನ್ ಥರದ ಔಷಧ ಕೊಟ್ಟು, ರಕ್ತದ ಪೊಟ್ಯಾಸಿಯಂ ಆಗಾಗ ನೋಡ್ತಾರೆ. ಹಾರ್ಟ್, ಕಿಡ್ನಿ ತೊಂದರೆಯಿಂದ ಬರೋ ಬಾವು ಮತ್ತೊಂದು. ಮೊಳಕಾಲಿನ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡ್ ಒತ್ತಿ ಬಿಡಿ. ಕುಳಿ ಹಂಗೇ ನಿಂತ್ರೆ ಅಲ್ಲಿ ನೀರು ಐತಿ ಅಂತ ಗೊತ್ತಾಗುತ್ತೆ, ಯಾಕೆ ಅಂತ ಗೊತ್ತಾಗಲ್ಲ. ಒಂದೇ ಕಾಲು ಬಾತು ನೋಯ್ತಿದ್ರೆ, ಮಲಗಿದಾಗ ದಮ್ಮು ಹತ್ತಿದ್ರೆ, ಕಣ್ಣು ಹಳದಿಯಾಗಿದ್ರೆ, ಹೊಟ್ಟೆ ಉಬ್ಬುತ್ತಿದ್ರೆ ಅವತ್ತೇ ತೋರಿಸಬೇಕು. ಕಾಕಾನ ಒಂದು ತಿಂಗಳು ಪುಣ್ಯಕ್ಕೆ ಸುಮ್ಮನೆ ಹೋಯ್ತು, ಹಾರ್ಟಿನದ್ದಾಗಿದ್ರೆ ಹಂಗ ಹೋಗ್ತಿರಲಿಲ್ಲ.

(6/6)
ಕೊನೇ ಫೋಟೊ ನೋಡಿ. ಹೊಲದ ಬದುವಿನ ಗಿಡದ್ದು. ಒಬ್ಬ ತಮ್ಮ ಕಳಿಸಿ, ‘ಅಕ್ಕಾ, ಗೂಗಲ್ ಫೋಟೊದಾಗಿನ ಮಿಲ್ಕ್ ಥಿಸಲ್ ಎಲಿ ಇದರಂಗ ಬಿಳೀ ಗೆರಿ ಇದ್ವು, ನಮ್ಮ ಗೋವಿನಜೋಳದ ಬದುವಿನಾಗ ರಗಡ ಅದಾವ, ಕುದಿಸಿ ಕುಡಿಬಹುದೇನು?’ ಅಂದಿದ್ದ.

ಕುಡೀಬ್ಯಾಡ ತಮ್ಮಾ! ಅದು ಅರಿಸಿನ ದತ್ತೂರಿ, ಆರ್ಜಿಮೋನ್. ಎಲೆಯಲ್ಲಿ ಮುಳ್ಳು, ನರದ ಗುಂಟ ಬಿಳಿ ಪಟ್ಟಿ, ಅಲ್ಲಿಗೆ ಹೋಲಿಕೆ ಮುಗೀತು. ದಂಟು ಮುರಿದ್ರೆ ಹಳದಿ ರಸ ಬರುತ್ತೆ, ಹೂವು ತೆಳು ದಳದ ಹಳದಿ ಬಟ್ಟಲು. ಮಿಲ್ಕ್ ಥಿಸಲ್‌ಗೆ ನೇರಳೆ ಬಣ್ಣದ, ಸುತ್ತ ಮುಳ್ಳಿರೋ ಉಂಡೆ ಹೂವು, ಹಳದಿ ರಸ ಇರಲ್ಲ. ದತ್ತೂರಿಯ ಬೀಜ ಸಾಸಿವೆ ಹಂಗೇ ಕಾಣುತ್ತೆ. ಅದರ ಎಣ್ಣೆ ಸಾಸಿವೆ ಎಣ್ಣೆಗೆ ಬೆರೆತು 1998ರಲ್ಲಿ ದೆಹಲಿಯಲ್ಲಿ ಅರವತ್ತಕ್ಕಿಂತ ಹೆಚ್ಚು ಜನ ಸತ್ರು. ಆ ಕಾಯಿಲೆಯ ಹೆಸರು ಎಪಿಡೆಮಿಕ್ ಡ್ರಾಪ್ಸಿ, ಅದರ ಮೊದಮೊದಲ ಲಕ್ಷಣವೇ ಎರಡೂ ಕಾಲಿಗೆ ಬಾವು.

ನಿಮ್ಮ ಮನೆಯಲ್ಲಿ ಇಂಥ ಡಬ್ಬಿ ಇದ್ರೆ ಹಿಂದಿನ ಪಟ್ಟಿಯ ಫೋಟೊ ಕಳಿಸ್ರಿ, ‘ಪುಡಿ’ನೋ ‘ಸಾರ’ನೋ ಕೂಡಿ ನೋಡೋಣ.

#ಹಿರೇಕೆರೂರು #ಡಬ್ಬಿಹಿಂದೆಓದಿ